ಬಾಂಡ್ ರೈಟರ್ ಮುಂದಿನ ಎರಡು ಎಕರೆ: ದಸ್ತಾವೇಜು ಬರವಣಿಗೆಯಲ್ಲಿ ಪ್ರಶ್ನೆ ಮತ್ತು ಗ್ರಹಿಕೆಯ ಆಯ್ಕೆ

ಜಮೀನಿನ ದಸ್ತಾವೇಜು ಬರೆಸಲು ಬಂದವರ ಮಾತಿಗೆ ಒಂದಕ್ಕಿಂತ ಹೆಚ್ಚು ಅರ್ಥ ಹೊರಟಾಗ ಬರೆಯುವವರ ಮುಂದೆ ಎರಡು ದಾರಿಗಳಿರುತ್ತವೆ. ಪ್ರಶ್ನೆ ಕೇಳಿ ಉತ್ತರ ಬರುವವರೆಗೆ ಕಾಯುವುದು ಒಂದು. ಇಂಥ ಅರ್ಥವನ್ನು ಹಿಡಿದು ಬರೆದಿದೆ ಎಂದು ಬಾಯಿಬಿಟ್ಟು ಹೇಳಿ ಮುಂದುವರಿಯುವುದು ಇನ್ನೊಂದು. ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಈ ಕೆಲಸ ಬಹುಪಾಲು ಬಾಂಡ್ ರೈಟರ್ ಎಂದು ಕರೆಯಲಾಗುವ ದಸ್ತಾವೇಜು ಬರಹಗಾರರ ಕೈಯಲ್ಲಿದೆ. ಎರಡು ದಾರಿಗಳಲ್ಲಿ ಯಾವುದನ್ನು ಯಾವಾಗ ಹಿಡಿಯಬೇಕೆಂಬುದನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ: ಸಂದೇಹವನ್ನು ದಾಖಲೆಯೇ ಬಗೆಹರಿಸುತ್ತದೆಯೇ, ಎರಡು ಅರ್ಥಗಳಿಂದ ಎರಡು ಬೇರೆ ಫಲಗಳು ಬರುತ್ತವೆಯೇ, ತಪ್ಪಾದರೆ ಅದನ್ನು ತಿದ್ದಲು ಯಾರ ಒಪ್ಪಿಗೆ ಬೇಕಾಗುತ್ತದೆ.

ಮೂರನೆಯದರ ತೂಕ ಸಣ್ಣ ಕೆಲಸವೊಂದರಲ್ಲಿ ಸುಲಭವಾಗಿ ಕಾಣುತ್ತದೆ. ರೈತನೊಬ್ಬ ಸರ್ವೇ ನಂಬರು ಹೇಳಿ ‘ಉತಾರ ತಗದು ಕೊಡ್ರಿ’ ಎಂದರೆ ಯಾವ ವರ್ಷದ್ದು ಎಂಬ ಸಂದೇಹ ಉಳಿಯುತ್ತದೆ. ಬಹಳಷ್ಟು ಕೆಲಸಗಳಿಗೆ ಬೇಕಾಗುವುದು ಚಾಲ್ತಿ ವರ್ಷದ ಪಹಣಿ. ಅದು ಸಲ್ಲದಿದ್ದರೆ ಅಲ್ಪ ಶುಲ್ಕದಲ್ಲಿ ಇನ್ನೊಂದು ಸಿಗುತ್ತದೆ, ಯಾರ ಒಪ್ಪಿಗೆಯೂ ಬೇಕಿಲ್ಲ. ‘ಈ ವರ್ಷದ್ದು ತಗದೇನ್ರಿ, ಹಳೇದು ಬೇಕಿದ್ರ ಹೇಳ್ರಿ’ ಎಂಬ ಒಂದು ಮಾತು ಇಲ್ಲಿ ಸಾಕು. ದಸ್ತಾವೇಜಿನ ಮಾತು ಹಾಗಲ್ಲ.

ಉದಾಹರಣೆಯ ಕೋರಿಕೆ

ವಿವೇಚನೆಗಾಗಿ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಸವದತ್ತಿ ತಾಲ್ಲೂಕಿನ ಎರೆಹೊಲವೊಂದರ ಒಟ್ಟು ವಿಸ್ತೀರ್ಣ 8 ಎಕರೆ 20 ಗುಂಟೆ. ಅದರಲ್ಲಿ 20 ಗುಂಟೆ ಖರಾಬು, ಸಾಗುವಳಿಗೆ ಉಳಿದದ್ದು 8 ಎಕರೆ. ಖರಾಬು ಪೂರ್ತಿಯಾಗಿ ದಕ್ಷಿಣದ ಹಳ್ಳದ ದಂಡೆಗಿದೆ. ಹೊಲದ ಮಾಲೀಕ ಬಂದು, ‘ದಕ್ಷಿಣದ ಕಡೀದು ಎರಡ ಎಕರೆ ನಮ್ಮ ತಮ್ಮನ ಮಗನ ಹೆಸರಿಗೆ ಮಾಡಿಕೊಡ್ರಿ’ ಎನ್ನುತ್ತಾನೆ.

ಹೇಳಿದವನಿಗೆ ಈ ಮಾತಿನಲ್ಲಿ ಗೊಂದಲವೇನೂ ಇಲ್ಲ. ಬರೆಯುವವನಿಗೆ ಮಾತ್ರ ಕನಿಷ್ಠ ಮೂರು ಕಡೆ ಕವಲು ಕಾಣುತ್ತದೆ: ಯಾವ ಬಗೆಯ ಪತ್ರ, ಎರಡು ಎಕರೆ ಎಂದರೆ ಎಷ್ಟು, ಆ ಭಾಗದಲ್ಲಿರುವ ಗಿಡಮರಗಳ ಗತಿ ಏನು. ಮೂರಕ್ಕೂ ಒಂದೇ ಉಪಾಯ ಒಗ್ಗುವುದಿಲ್ಲ.

ಪತ್ರದ ಬಗೆ: ಕೇಳಲೇಬೇಕಾದ ಪ್ರಶ್ನೆ

‘ಹೆಸರಿಗೆ ಮಾಡುವುದು’ ಖರೀದಿ ಪತ್ರದಿಂದಲೂ ಆಗುತ್ತದೆ, ದಾನಪತ್ರದಿಂದಲೂ ಆಗುತ್ತದೆ. ಹೊಲ ಇನ್ನೂ ಒಟ್ಟು ಕುಟುಂಬದ್ದಾಗಿದ್ದು ಅದರಲ್ಲಿ ತಮ್ಮನ ಮಗನಿಗೂ ಪಾಲಿದ್ದರೆ ವಾಟ್ನಿ ಪತ್ರವಾಗುತ್ತದೆ. ತನ್ನ ಕಾಲಾನಂತರ ಆತನಿಗೆ ಸೇರಲಿ ಎಂಬುದಷ್ಟೇ ಮನಸ್ಸಿನಲ್ಲಿದ್ದರೆ ಮೃತ್ಯುಪತ್ರ ಸಾಕು. ಇವುಗಳ ಸ್ಟಾಂಪ್ ಶುಲ್ಕ ಬೇರೆ ಬೇರೆ ಇದೆ, ಆದರೆ ದೊಡ್ಡ ವ್ಯತ್ಯಾಸವಿರುವುದು ಹಿಂತೆಗೆದುಕೊಳ್ಳುವ ಅವಕಾಶದಲ್ಲಿ. ಮೃತ್ಯುಪತ್ರವನ್ನು ಬರೆಸಿದವನು ತಾನು ಬದುಕಿರುವವರೆಗೆ ಯಾವಾಗ ಬೇಕಾದರೂ ರದ್ದುಪಡಿಸಬಹುದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 126ನೇ ಕಲಮಿನಂತೆ ದಾನವನ್ನು ಕೆಲವೇ ಸಂದರ್ಭಗಳ ಹೊರತು ದಾನಿ ತನ್ನಿಷ್ಟದಂತೆ ಹಿಂಪಡೆಯಲಾರ.

ಈ ಸಂದೇಹದ ಒಂದು ಭಾಗವನ್ನು ದಾಖಲೆ ಬಗೆಹರಿಸಬಲ್ಲದು. ಹಳೆಯ ಮ್ಯುಟೇಶನ್ ನೋಂದಿನಲ್ಲಿ ಅಣ್ಣತಮ್ಮಂದಿರ ವಾಟ್ನಿ ಮುಗಿದಿರುವುದು ಕಂಡರೆ ಮತ್ತೆ ವಾಟ್ನಿಯ ಮಾತು ಬರುವುದಿಲ್ಲ. ಉಳಿದ ಮೂರರಲ್ಲಿ ಯಾವುದೆಂಬುದು ಕೋರಿದವನ ಮನಸ್ಸಿನಲ್ಲಿ ಮಾತ್ರ ಇದೆ, ಯಾವ ಕಾಗದದಲ್ಲೂ ಇಲ್ಲ. ಹಿಂದಿನವರು ದಾನಪತ್ರ ಬರೆಸಿದರೆಂದು ಇಲ್ಲಿಯೂ ಅದನ್ನೇ ಹಿಡಿಯಲು ಬರುವುದಿಲ್ಲ.

ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳುವುದಕ್ಕೆ ಇನ್ನೊಂದು ಕಾರಣವಿದೆ. ಇದರ ಉತ್ತರದಿಂದ ಉಳಿದ ಹಲವು ಪ್ರಶ್ನೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಮೃತ್ಯುಪತ್ರವೆಂದಾದರೆ ಹಣದ ಮಾತು ಏಳುವುದಿಲ್ಲ, ಸ್ವಾಧೀನ ಎಂದಿನಿಂದ ಎಂದು ಕೇಳಬೇಕಾಗಿಲ್ಲ. ಖರೀದಿಯೆಂದಾದರೆ ಅವೆರಡನ್ನೂ ಕೇಳಬೇಕು. ದೂರದ ಹಳ್ಳಿಯಿಂದ ಬಂದವನು ಮನೆಯವರನ್ನು ಕೇಳಿ ಬರಲು ಮತ್ತೊಂದು ದಿನದ ಕೂಲಿ ಕಳೆದುಕೊಳ್ಳುತ್ತಾನೆ. ಪ್ರಶ್ನೆಗೂ ಒಂದು ಬೆಲೆ ಇರುವುದರಿಂದ ಕೇಳಬೇಕಾದವನ್ನೆಲ್ಲ ಒಂದೇ ಸಲಕ್ಕೆ, ಹಿರಿದರಿಂದ ಕಿರಿದಕ್ಕೆ ಕೇಳುವುದು ಒಳ್ಳೆಯದು.

ಎರಡು ಎಕರೆ: ಮೊದಲು ಉತಾರ, ಆಮೇಲೆ ಪ್ರಶ್ನೆ

ವಿಸ್ತೀರ್ಣದ ವಿಷಯದಲ್ಲಿ ಲೆಕ್ಕವನ್ನೇ ಮಾಡಿ ನೋಡಬೇಕು. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 121 ಚದರ ಗಜ. ಎರಡು ಎಕರೆ ಎಂದರೆ ಖರಾಬು ಸೇರಿ ಎಂದು ಹಿಡಿದರೆ ತಮ್ಮನ ಮಗನಿಗೆ ಬಿತ್ತಲು ಸಿಗುವುದು 1 ಎಕರೆ 20 ಗುಂಟೆ ಮಾತ್ರ. ಸಾಗುವಳಿಯ ನೆಲವೇ ಎರಡು ಎಕರೆ ಎಂದು ಹಿಡಿದರೆ ಹಳ್ಳದ ದಂಡೆಯಿಂದ ಅಳೆದುಕೊಡಬೇಕಾದದ್ದು 2 ಎಕರೆ 20 ಗುಂಟೆ. ಎರಡರ ನಡುವಿನ ಅಂತರ 20 ಗುಂಟೆ, ಅಂದರೆ 2,420 ಚದರ ಗಜ. ಅರ್ಧ ಎಕರೆ ಎರೆಭೂಮಿಯನ್ನು ಬರಹಗಾರನ ಗ್ರಹಿಕೆಗೆ ಬಿಡಲಾಗದು.

ಆದರೂ ಪ್ರಶ್ನೆಗೆ ಮೊದಲು ಉತಾರದ ವಿಸ್ತೀರ್ಣದ ಕಲಮನ್ನು ಓದಬೇಕು. ಅದರಲ್ಲಿ ಖರಾಬನ್ನು ‘ಅ’ ಮತ್ತು ‘ಬ’ ಎಂದು ಬೇರೆಯಾಗಿ ತೋರಿಸಿರುತ್ತದೆ. ‘ಅ’ ಎಂಬುದು ಸಾಗುವಳಿಗೆ ಬಾರದ ನೆಲ, ಹಿಡುವಳಿಯ ಒಳಗೇ ಇರುತ್ತದೆ. ‘ಬ’ ಎಂಬುದು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು, ಅದನ್ನು ಮಾಲೀಕ ಯಾರಿಗೂ ಬರೆದುಕೊಡಲು ಬರುವುದಿಲ್ಲ. ಉದಾಹರಣೆಯ 20 ಗುಂಟೆ ‘ಬ’ ಖರಾಬಾಗಿದ್ದರೆ ಎರಡು ಅರ್ಥಗಳಲ್ಲಿ ಒಂದು ತಾನಾಗಿಯೇ ಇಲ್ಲವಾಗುತ್ತದೆ, ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ‘ಅ’ ಆಗಿದ್ದರೆ ಎರಡೂ ಅರ್ಥಗಳು ನಿಲ್ಲುತ್ತವೆ, ಆಗ ಕೇಳಬೇಕು.

ಕೇಳುವ ರೀತಿಯೂ ಮುಖ್ಯ. ‘ಖರಾಬು ಸೇರಸೂದೇನ್ರಿ?’ ಎಂದರೆ ‘ಹೂಂ, ಎಲ್ಲಾ ಸೇರಸ್ರಿ’ ಎಂಬ ಉತ್ತರ ಬರಬಹುದು. ಎರಡು ಎಕರೆಯ ಒಳಗೆ ಸೇರಿಸಬೇಕೋ ಅದರ ಮೇಲೆ ಸೇರಿಸಬೇಕೋ ಎಂಬುದು ಆ ಉತ್ತರದಿಂದ ಗೊತ್ತಾಗುವುದಿಲ್ಲ, ಆದರೂ ಕೇಳಿದವನಿಗೆ ಕೇಳಿದ ಸಮಾಧಾನ ಸಿಕ್ಕಿರುತ್ತದೆ. ‘ಹುಡುಗ ಬಿತ್ತೂ ಹೊಲಾನ ಎರಡ ಎಕರೆ ಇರಬೇಕೋ, ಹಳ್ಳದ ದಂಡಿ ಹಿಡದು ಎರಡ ಎಕರೆ ಆದ್ರ ಸಾಕೋ?’ ಎಂದು ಕೇಳಿದರೆ ಎರಡು ಅರ್ಥಗಳೂ ಫಲದ ರೂಪದಲ್ಲಿ ಅವನ ಮುಂದೆ ನಿಲ್ಲುತ್ತವೆ, ಯಾವ ಉತ್ತರ ಬಂದರೂ ಒಂದು ಅಳಿಯುತ್ತದೆ. ತಮ್ಮನ ಮಗನ ಎದುರಿನಲ್ಲೇ ಕೇಳುವುದು ಇನ್ನೂ ಒಳ್ಳೆಯದು. ಕೊಡುವವನೊಬ್ಬನ ಉತ್ತರವನ್ನಷ್ಟೇ ಪಡೆದರೆ ಪಡೆಯುವವನ ಮನಸ್ಸಿನಲ್ಲಿ ಬೇರೆಯೇ ಅರ್ಥ ಉಳಿದಿರುವ ಸಂಭವವಿದೆ.

ಈ ಪ್ರಶ್ನೆಗೆ ಸರಿಯಾದ ಹೊತ್ತು ಪತ್ರ ಬರೆಯುವ ದಿನವಲ್ಲ. ಸರ್ವೇ ನಂಬರಿನ ಒಂದು ಭಾಗವನ್ನಷ್ಟೇ ಕೊಡುವಾಗ ನೋಂದಣಿಗೆ 11ಇ ನಕ್ಷೆ ಬೇಕಾಗುತ್ತದೆ. ಎಷ್ಟು ವಿಸ್ತೀರ್ಣವನ್ನು ಯಾವ ದಿಕ್ಕಿನಿಂದ ಬೇರ್ಪಡಿಸಬೇಕೆಂಬುದನ್ನು ಅಳತೆಯ ಅರ್ಜಿಯಲ್ಲಿಯೇ ತಿಳಿಸಬೇಕು. ನಕ್ಷೆ ಸಿದ್ಧವಾದ ಮೇಲೆ ಉತ್ತರ ಬದಲಾದರೆ ಮತ್ತೆ ಅರ್ಜಿ, ಮತ್ತೆ ಅಳತೆ. ಆದ್ದರಿಂದ ಒಂದು ಮಾತಿನಲ್ಲಿ ಮುಗಿಯುವ ಪ್ರಶ್ನೆಯನ್ನು ಅರ್ಜಿಯ ಹಿಂದಿನ ದಿನಕ್ಕೆ ತರಬೇಕಾಗುತ್ತದೆ.

ಗಿಡಮರ: ಹೇಳಿ ಮುಂದುವರಿಯಬಹುದಾದದ್ದು

ಆ ಭಾಗದಲ್ಲಿ ಎರಡು ಬೇವಿನ ಮರಗಳಿವೆ ಎಂದು ಇಟ್ಟುಕೊಳ್ಳಬಹುದು. ಕೋರಿಕೆಯಲ್ಲಿ ಅವುಗಳ ಮಾತೇ ಬಂದಿಲ್ಲ. ಇಲ್ಲಿ ಕಾನೂನೇ ಒಂದು ಅರ್ಥವನ್ನು ಕೊಟ್ಟಿದೆ. ಸ್ವತ್ತು ವರ್ಗಾವಣೆ ಕಾಯ್ದೆಯ 8ನೇ ಕಲಮಿನಂತೆ, ಬೇರೆ ಉದ್ದೇಶ ಕಾಣಿಸದಿದ್ದರೆ, ಭೂಮಿಯೊಂದಿಗೆ ಅದಕ್ಕೆ ಹೊಂದಿಕೊಂಡ ವಸ್ತುಗಳೂ ಹೋಗುತ್ತವೆ, ನೆಲದಲ್ಲಿ ಬೇರು ಬಿಟ್ಟ ಮರಗಳು ಅದರಲ್ಲಿ ಸೇರಿವೆ. ಬರಹಗಾರ ಮರಗಳನ್ನು ಸೇರಿಸಿ ಕರಡು ಬರೆದು, ಓದಿ ಹೇಳುವಾಗ ‘ಗಿಡಾನೂ ಹೊಲದ ಜೋಡಿ ಹೋಗ್ತಾವ, ನೀವು ಇಟ್ಕೊಳ್ಳೂದಿದ್ರ ಈಗ ಹೇಳ್ರಿ’ ಎಂದರೆ ಕೆಲಸ ನಿಲ್ಲುವುದಿಲ್ಲ, ಮಾಲೀಕನ ಮಾತಿಗೆ ಜಾಗವೂ ಉಳಿಯುತ್ತದೆ.

ಇಂಥ ಗ್ರಹಿಕೆಗೆ ಬೆಲೆ ಬರುವುದು ಅದು ಕೇಳಬೇಕಾದವನ ಕಿವಿಗೆ, ಸಹಿಗೆ ಮೊದಲು, ಬಿದ್ದಾಗ ಮಾತ್ರ. ಹಳೆಯ ಪತ್ರಗಳಿಂದ ನಕಲಾಗುತ್ತ ಬಂದ ಸಾಲುಗಳಲ್ಲಿ ತೊಡಕು ಹುಟ್ಟುವುದು ಈ ಕಾರಣದಿಂದ. ‘ಬಾವಿ, ನೀರು, ದಾರಿಯ ಹಕ್ಕುಗಳ ಸಹಿತ’ ಎಂಬಂಥ ಸಿದ್ಧಸಾಲನ್ನು ಯೋಚಿಸದೆ ಸೇರಿಸಿದರೆ ಹೊಲದ ಉತ್ತರ ಭಾಗದಲ್ಲಿ ಬಾವಿಯಿದ್ದರೆ ಅದರ ನೀರಿನಲ್ಲೂ ಪಾಲು ಕೊಟ್ಟಂತೆ ವಾದಿಸಲು ಆಸ್ಪದವಾಗುತ್ತದೆ. ಅದೂ ಒಂದು ಗ್ರಹಿಕೆಯೇ, ಯಾರಿಗೂ ಹೇಳದೆ ಒಳಗೆ ಬಂದದ್ದು. ಮಾಲೀಕ ಮೊದಲ ಸಲ ಅದನ್ನು ಕೇಳಿ ಬೆಚ್ಚಿದರೆ ಅದನ್ನು ಪ್ರಶ್ನೆಯಾಗಿಯೇ ಕೇಳಬೇಕಿತ್ತೆಂದು ತಿಳಿಯಬಹುದು.

ಸಹಿಯ ನಂತರ

ಕರಡಿನ ಹಂತದಲ್ಲಿ ತಪ್ಪು ಗ್ರಹಿಕೆಯನ್ನು ಒಂದು ಗೀಟು ಹಾಕಿ ತಿದ್ದಬಹುದು. ನೋಂದಣಿಯಾದ ಮೇಲೆ ತಿದ್ದುಪಡಿ ಪತ್ರ ಬೇಕು, ಅದಕ್ಕೆ ಇಬ್ಬರೂ ಒಪ್ಪಿ ಸಹಿ ಹಾಕಬೇಕು. ಒಬ್ಬ ಒಪ್ಪದಿದ್ದರೆ ಉಳಿಯುವುದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಮಿನಡಿ ಸಿವಿಲ್ ನ್ಯಾಯಾಲಯದ ದಾರಿ. ಅಲ್ಲಿ ವಂಚನೆಯನ್ನು ಅಥವಾ ಇಬ್ಬರಿಗೂ ಸಮಾನವಾದ ತಪ್ಪು ತಿಳಿವಳಿಕೆಯನ್ನು ತೋರಿಸಬೇಕಾಗುತ್ತದೆ. ಮ್ಯುಟೇಶನ್ ಆದೇಶದ ತಕರಾರಾದರೆ ಈ ನಾಲ್ಕೂ ತಾಲ್ಲೂಕುಗಳ ಮೇಲ್ಮನವಿ ಬೈಲಹೊಂಗಲದ ಉಪವಿಭಾಗಾಧಿಕಾರಿಗಳ ಮುಂದೆ ಬರುತ್ತದೆ.

ಸಹಿಯ ನಂತರ ಪ್ರಶ್ನೆ ಕೇಳುವ ಅವಕಾಶ ಎಷ್ಟು ಕಿರಿದಾಗುತ್ತದೆಂಬುದನ್ನು 1872ರ ಸಾಕ್ಷ್ಯ ಕಾಯ್ದೆ ಎರಡು ಕುದುರೆ ವ್ಯಾಪಾರಗಳ ದೃಷ್ಟಾಂತದಿಂದ ತೋರಿಸಿತ್ತು. ಕುದುರೆಯ ಬೆಲೆ 1,000 ಅಥವಾ 1,500 ರೂಪಾಯಿ ಎಂದು ಪತ್ರದಲ್ಲೇ ಬರೆದಿದ್ದರೆ, ಯಾವುದು ನಿಜವಾದ ಬೆಲೆ ಎಂದು ಸಾಕ್ಷ್ಯ ನುಡಿಸಲು 93ನೇ ಕಲಮು ಬಿಡುತ್ತಿರಲಿಲ್ಲ. ‘ನನ್ನ ಬಿಳಿ ಕುದುರೆ’ ಎಂದು ಬರೆದು, ಮಾರುವವನ ಬಳಿ ಎರಡು ಬಿಳಿ ಕುದುರೆಗಳಿದ್ದರೆ, ಯಾವುದೆಂದು ತೋರಿಸಲು 96ನೇ ಕಲಮು ಬಿಡುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 96 ಮತ್ತು 99ನೇ ಕಲಮುಗಳಲ್ಲಿ ಇದೇ ಭೇದ ಮುಂದುವರಿದಿದೆ.

ನಕ್ಷೆಯ ಅಳತೆಯನ್ನು ಹೇಳದೆ ‘ದಕ್ಷಿಣದ ಎರಡು ಎಕರೆ’ ಎಂದಷ್ಟೇ ಬರೆದ ಪತ್ರ ಎರಡನೆಯ ಬಗೆಗೆ ಹತ್ತಿರವಾದದ್ದು. ಮಾತು ಮೇಲ್ನೋಟಕ್ಕೆ ಸ್ಪಷ್ಟ, ಹೊಲಕ್ಕೆ ಹಿಡಿದು ನೋಡಿದಾಗ ಮಾತ್ರ ಇಬ್ಬಗೆ. ಸಾಕ್ಷ್ಯಕ್ಕೆ ಅವಕಾಶ ಸಿಗಬಹುದು, ಆದರೆ ಅದು ದಾವೆಯ ಒಳಗೆ, ಸಂಬಂಧ ಕೆಟ್ಟ ಮೇಲೆ. ಇನ್ನು ಎರಡೂ ಅರ್ಥಗಳನ್ನು ಪತ್ರದಲ್ಲೇ ಉಳಿಸಿ, ‘ಎರಡು ಎಕರೆ ಅಥವಾ ಖರಾಬು ಸೇರಿ ಎರಡು ಎಕರೆ ಇಪ್ಪತ್ತು ಗುಂಟೆ’ ಎಂದು ಬರೆಯುವ ಜಾಣತನ ಮೊದಲನೆಯ ಬಗೆಗೆ ಸೇರುತ್ತದೆ. ಪ್ರಶ್ನೆಯನ್ನೂ ಕೇಳದೆ, ಒಂದು ಅರ್ಥವನ್ನೂ ಹಿಡಿಯದೆ ತಪ್ಪಿಸಿಕೊಳ್ಳುವ ಈ ದಾರಿ ಎರಡಕ್ಕಿಂತಲೂ ಕೆಟ್ಟದ್ದು.

ಎರಡೂ ಉಪಾಯಗಳಿಗೆ ನಿಲುಕದ ಒಂದು ಸಂದರ್ಭ ಉಳಿಯುತ್ತದೆ. ದಾನವೋ ಮೃತ್ಯುಪತ್ರವೋ ಎಂದು ಕೇಳಿದಾಗ ‘ಯಾವುದು ಚಲೋ ಅದನ್ನ ಬರೀರಿ’ ಎಂದು ಮಾಲೀಕ ಹೇಳಬಹುದು. ಅವನ ಮನಸ್ಸಿನಲ್ಲಿ ಇನ್ನೂ ತೀರ್ಮಾನವೇ ಆಗಿಲ್ಲ, ಆದ್ದರಿಂದ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ ಫಲವಿಲ್ಲ. ಅವನ ಪರವಾಗಿ ಆರಿಸುವ ಅಧಿಕಾರ ಬರಹಗಾರನಿಗೂ ಇಲ್ಲ. ಆಗ ಎರಡು ಚಿಕ್ಕ ಕರಡುಗಳನ್ನು ಬರೆದು, ಒಂದರಿಂದ ಹೊಲ ಇಂದೇ ಕೈಬಿಡುತ್ತದೆ, ಇನ್ನೊಂದರಿಂದ ಅವನಿರುವವರೆಗೆ ಅವನದೇ ಆಗಿರುತ್ತದೆ ಎಂದು ತಿಳಿಸಿ, ಮನೆಯಲ್ಲಿ ವಿಚಾರಿಸಿಕೊಂಡು ಬರಲು ಕಳಿಸುವುದೇ ಸರಿ. ಸಹಿಯ ತಾರೀಖು ಮುಂದೆ ಹೋಗುತ್ತದೆ, ಆದರೆ ಹಿಂಪಡೆಯಲಾಗದ ಪತ್ರವೊಂದು ಬರಹಗಾರನ ಊಹೆಯ ಮೇಲೆ ನಿಲ್ಲುವುದಿಲ್ಲ.