ಉಳಿದದ್ದೇ ಬಂಡವಾಳ: ಪರಿವರ್ತನೀಯ ಸಾಲಪತ್ರವನ್ನು ಒಡೆದ ಲೆಕ್ಕದ ಚರಿತ್ರೆ

ಪರಿವರ್ತನೀಯ ಸಾಲಪತ್ರ ಕೊಂಡವನ ಕೈಗೆ ಎರಡು ಹಕ್ಕು ಬರುತ್ತವೆ. ಬಡ್ಡಿ ಪಡೆದು ಅವಧಿ ಮುಗಿದಾಗ ಅಸಲನ್ನು ವಾಪಸ್ ಪಡೆಯುವುದು ಒಂದು. ಬೇಕೆನಿಸಿದರೆ ಪತ್ರವನ್ನು ಒಪ್ಪಿಸಿ ಕಂಪನಿಯ ಷೇರು ತೆಗೆದುಕೊಳ್ಳುವುದು ಇನ್ನೊಂದು. ಈ ಎರಡನೆಯ ಹಕ್ಕಿನ ಆಸೆಗೆ ಆತ ಕಡಿಮೆ ಬಡ್ಡಿಗೂ ಒಪ್ಪುತ್ತಾನೆ. ಹಾಗಾದರೆ ಬಂದ ಹಣವೆಲ್ಲ ಸಾಲವೇ, ಅಥವಾ ಅದರಲ್ಲಿ ಷೇರಿನ ಹಕ್ಕಿಗೆ ಕೊಟ್ಟ ಬೆಲೆಯೂ ಸೇರಿದೆಯೇ?

ಅಮೆರಿಕದ ಲೆಕ್ಕಶಾಸ್ತ್ರ ತತ್ತ್ವ ಮಂಡಳಿ 1966ರಲ್ಲಿ, ತನ್ನ 10ನೆಯ ಅಭಿಪ್ರಾಯದಲ್ಲಿ, ಬೆಲೆ ಸೇರಿದೆ ಎಂದಿತು. ಆ ಪಾಲನ್ನು ಬೇರ್ಪಡಿಸಿ ಬಂಡವಾಳಕ್ಕೆ ಹಾಕಬೇಕೆಂದಿತು. ಮರುವರ್ಷವೇ 12ನೆಯ ಅಭಿಪ್ರಾಯದಲ್ಲಿ ಆ ಭಾಗವನ್ನು ತಡೆಹಿಡಿಯಿತು. 1969ರ 14ನೆಯ ಅಭಿಪ್ರಾಯದಲ್ಲಿ ತಿರುಗಿ ನಿಂತು, ಪತ್ರವನ್ನು ಒಡೆಯಬಾರದು, ಇಡಿಯಾಗಿ ಸಾಲವೆಂದೇ ಬರೆಯಬೇಕು ಎಂದಿತು. ಆಯ್ಕೆಯ ಬೆಲೆ ಕಟ್ಟುವುದು ಕಷ್ಟ ಎಂಬ ದೂರು ಆಗ ಇದ್ದೇ ಇತ್ತು. ಆದರೆ ಮಂಡಳಿ ಹೆಚ್ಚು ತೂಕ ಕೊಟ್ಟದ್ದು ಅದಕ್ಕಲ್ಲ, ಎರಡು ಹಕ್ಕುಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂಬುದಕ್ಕೆ. ಷೇರು ಬೇಕೆಂದರೆ ಸಾಲವನ್ನು ಬಿಡಬೇಕು, ಸಾಲ ಉಳಿಸಿಕೊಂಡರೆ ಷೇರಿಲ್ಲ. ಬಿಡಿಸಿ ಮಾರಬಹುದಾದ ವಾರಂಟು ಜೊತೆಗಿದ್ದರೆ ಮಾತ್ರ ಹಣ ಹಂಚಲು ಅದೇ ಅಭಿಪ್ರಾಯ ಹೇಳಿತು. ಕೊಂಡವನು ಎರಡಕ್ಕೂ ಹಣ ಕೊಟ್ಟಿರುವಾಗ, ಅವು ಬೇರೆಬೇರೆಯಾಗಿ ಮಾರಾಟವಾಗುವುದಿಲ್ಲ ಎಂಬುದು ದುರ್ಬಲ ಕಾರಣವೆಂದೇ ನನಗನಿಸುತ್ತದೆ.

ಅಂತರರಾಷ್ಟ್ರೀಯ ಮಾನದಂಡ ಐಎಎಸ್ 32 ಬಂದದ್ದು 1995ರಲ್ಲಿ. ಅದು ಒಡೆಯಲೇಬೇಕು ಎಂದಿತು, ಆದರೆ ಹೇಗೆಂಬುದನ್ನು ಒಂದೇ ದಾರಿಗೆ ಕಟ್ಟಲಿಲ್ಲ. ಅಳೆಯಲು ಸುಲಭವಾದ ಭಾಗವನ್ನು ಅಳೆದು ಉಳಿಕೆಯನ್ನು ಇನ್ನೊಂದಕ್ಕೆ ಕೊಡಬಹುದಿತ್ತು. ಎರಡನ್ನೂ ಅಳೆದು ಅನುಪಾತದಲ್ಲಿ ಹಂಚಲೂ ಬಹುದಿತ್ತು. 2003ರ ಪರಿಷ್ಕರಣೆ ಈ ಆಯ್ಕೆಯನ್ನು ತೆಗೆದುಹಾಕಿತು: ಮೊದಲು ಸಾಲವನ್ನು ಅಳೆ, ಉಳಿದದ್ದೇ ಬಂಡವಾಳ. ಎಲ್ಲ ಹೊಣೆಗಳನ್ನೂ ಕಳೆದ ಮೇಲೆ ಉಳಿಯುವುದೇ ಬಂಡವಾಳ ಎಂಬ ಹಳೆಯ ವ್ಯಾಖ್ಯೆಗೂ ಇದು ಹೊಂದಿತು.

ಒಂದು ಲೆಕ್ಕ ಹಾಕಿ ನೋಡೋಣ. ಕಂಪನಿಯೊಂದು 10,00,000 ರೂಪಾಯಿಯ ಮೂರು ವರ್ಷದ ಪತ್ರಗಳನ್ನು ಮುಖಬೆಲೆಗೇ ಮಾರುತ್ತದೆ. ಬಡ್ಡಿ ವರ್ಷಕ್ಕೆ ಶೇ. 5. ಷೇರಿನ ಹಕ್ಕಿಲ್ಲದೆ ಇದೇ ಸಾಲ ಎತ್ತಿದ್ದರೆ ಶೇ. 8 ಕೊಡಬೇಕಾಗುತ್ತಿತ್ತು. ಆ ಶೇ. 8ರಲ್ಲಿ ಕಳೆದು ನೋಡಿದರೆ ಮೂರು ವರ್ಷದ ನಂತರದ ಅಸಲಿನ ಇಂದಿನ ಬೆಲೆ 7,93,832. ವರ್ಷವರ್ಷದ 50,000 ಬಡ್ಡಿಯದ್ದು 1,28,855. ಎರಡೂ ಸೇರಿ 9,22,687, ಇದು ಸಾಲ. ಉಳಿದ 77,313 ಬಂಡವಾಳ. ಷೇರಿನ ಬೆಲೆ ಎಷ್ಟು ಏರಿಳಿಯುತ್ತದೆ ಎಂದು ಯಾರೂ ಊಹಿಸಬೇಕಾಗಿಲ್ಲ. 1960ರ ದಶಕದ ಬೆಲೆ ಕಟ್ಟುವ ತಕರಾರು ಇಲ್ಲಿ ಕರಗಿಹೋಯಿತು.

ಮೊದಲ ವರ್ಷ ಕೈಯಿಂದ ಹೋಗುವ ಬಡ್ಡಿ 50,000, ಆದರೆ ಖರ್ಚು ಬರೆಯುವುದು ಸಾಲದ ಮೇಲೆ ಶೇ. 8, ಅಂದರೆ 73,815. ವ್ಯತ್ಯಾಸದ 23,815 ಸಾಲಕ್ಕೆ ಸೇರಿ ಅದು 9,46,502 ಆಗುತ್ತದೆ. ಎರಡನೆಯ ವರ್ಷಾಂತ್ಯಕ್ಕೆ 9,72,222, ಮೂರನೆಯದಕ್ಕೆ ಸರಿಯಾಗಿ 10,00,000. ಹೀಗೆ ಮುಟ್ಟದಿದ್ದರೆ ಎಲ್ಲೋ ತಪ್ಪಿದೆ ಎಂದು ತಿಳಿಯಬೇಕು. ಮೂರು ವರ್ಷದ ಒಟ್ಟು ಬಡ್ಡಿ ಖರ್ಚು 2,27,313. ಕೊಟ್ಟ ಬಡ್ಡಿಗಿಂತ ಹೆಚ್ಚಾದದ್ದು ಅದೇ 77,313. ಕಡಿಮೆ ಬಡ್ಡಿಯ ಸಾಲವೆಂದು ಸಂಭ್ರಮಿಸಿದವರಿಗೆ ಹಿಡಿಸದಿದ್ದದ್ದು ಇದೇ. ಯಾರೂ ಷೇರು ಕೇಳದೆ ಹಣ ವಾಪಸ್ ಪಡೆದರೂ ಆ 77,313 ಬಂಡವಾಳದಲ್ಲೇ ಉಳಿಯುತ್ತದೆ, ಲಾಭಕ್ಕೆ ತರುವಂತಿಲ್ಲ. ಪತ್ರ ಹೊರಡಿಸಿದ ಖರ್ಚನ್ನೂ ಎರಡು ಭಾಗಕ್ಕೆ ಅನುಪಾತದಲ್ಲೇ ಹಂಚಬೇಕು. ಆಗ ಸಾಲದ ಬಡ್ಡಿದರ ಶೇ. 8ಕ್ಕಿಂತ ತುಸು ಮೇಲೇರುತ್ತದೆ.

ಅಮೆರಿಕ 2008ರಲ್ಲಿ, ನಗದಿನಲ್ಲಿ ತೀರಿಸಬಹುದಾದ ಪತ್ರಗಳ ಮಟ್ಟಿಗೆ ಒಡೆಯುವ ದಾರಿಗೆ ಮರಳಿತು. 2020ರಲ್ಲಿ ಅದನ್ನೂ ರದ್ದು ಮಾಡಿತು.

ಭಾರತದಲ್ಲಿ ಇಂಡ್ ಎಎಸ್ 32 ದೊಡ್ಡ ಕಂಪನಿಗಳಿಗೆ ಕಡ್ಡಾಯವಾದದ್ದು 2016ರ ಏಪ್ರಿಲ್‌ನಿಂದ. ಇಲ್ಲೊಂದು ಸಣ್ಣ ತಿದ್ದುಪಡಿ ಇದೆ. ಮೂಲ ನಿಯಮದಂತೆ ನಿಗದಿತ ಸಂಖ್ಯೆಯ ಷೇರಿಗೆ ನಿಗದಿತ ಮೊತ್ತ ವಿನಿಮಯವಾದರೆ ಮಾತ್ರ ಹಕ್ಕು ಬಂಡವಾಳ. ಸಾಲ ಡಾಲರಿನಲ್ಲಿದ್ದರೆ ರೂಪಾಯಿ ಲೆಕ್ಕದಲ್ಲಿ ಆ ಮೊತ್ತ ನಿಗದಿತವಲ್ಲ, ಹಾಗಾಗಿ ಹಕ್ಕು ಬಂಡವಾಳವಾಗದೆ ಹೊಣೆಯಾಗುತ್ತದೆ. ಅದರ ಬೆಲೆಯನ್ನು ಪ್ರತಿ ಸಲ ಹೊಸದಾಗಿ ಕಟ್ಟಬೇಕು; ಕಂಪನಿಯ ಷೇರು ಏರಿದಷ್ಟೂ ಅದರ ಲಾಭ-ನಷ್ಟ ಖಾತೆಯಲ್ಲಿ ನಷ್ಟ ಕಾಣುತ್ತದೆ. ವಿದೇಶಿ ಕರೆನ್ಸಿಯ ಪರಿವರ್ತನೀಯ ಬಾಂಡ್ ಹೊರಡಿಸಿದ ನಮ್ಮ ಕಂಪನಿಗಳಿಗೆ ಈ ವಿಚಿತ್ರ ಬೇಡವೆಂದು, ಮೊತ್ತ ಯಾವುದೇ ಕರೆನ್ಸಿಯಲ್ಲಿ ನಿಗದಿಯಾಗಿದ್ದರೂ ಹಕ್ಕನ್ನು ಬಂಡವಾಳವೆಂದೇ ಎಣಿಸಲು ಭಾರತದ ಮಾನದಂಡ ಅವಕಾಶ ಕೊಟ್ಟಿತು. ಹೀಗಾಗಿ ಅದೇ ಡಾಲರ್ ಬಾಂಡಿನ ಷೇರು ಹಕ್ಕು ಲಂಡನ್ನಿನ ಲೆಕ್ಕಪುಸ್ತಕದಲ್ಲಿ ಹೊಣೆ, ಬೆಂಗಳೂರಿನದರಲ್ಲಿ ಬಂಡವಾಳ.