ಕ್ಲೈಮೋಗ್ರಾಫ್ ಓದೋದು ಹೇಗೆ? ರಾಗಿ ಬಿತ್ತನೆಯಿಂದ ಕಾಶಿ ಯಾತ್ರೆವರೆಗೆ ಒಂದೇ ಚಿತ್ರದ ಲೆಕ್ಕ

ಮೊಬೈಲ್‌ನಲ್ಲಿ ಯಾವುದೇ ಊರಿನ ಹವಾಮಾನ ಹುಡುಕಿದರೆ ಒಂದು ಚಿತ್ರ ಬರುತ್ತೆ. ಕೆಳಗೆ ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ತಿಂಗಳು, ಪ್ರತಿ ತಿಂಗಳ ಮೇಲೆ ಒಂದು ನೀಲಿ ಕಂಬ, ಕಂಬಗಳ ಮೇಲೆ ಹಾದುಹೋಗುವ ಒಂದು ಕೆಂಪು ಗೆರೆ. ಹೈಸ್ಕೂಲ್ ಮಕ್ಕಳ ಭೂಗೋಳದ ಪಾಠದಲ್ಲೂ ಇಂಥದ್ದು ಇರುತ್ತೆ. ಇದಕ್ಕೆ ಕ್ಲೈಮೋಗ್ರಾಫ್ ಅಂತಾರೆ. ಹೆಚ್ಚಿನವರು ಎತ್ತರದ ಕಂಬ ಯಾವುದು ಅಂತ ನೋಡಿ ಪುಟ ಮುಚ್ಚಿಬಿಡ್ತಾರೆ. ಆದರೆ ಯಾವಾಗ ಬಿತ್ತಬೇಕು, ಅಂಗಡಿಗೆ ಟಾರ್ಪಾಲ್ ಯಾವಾಗ ತರಿಸಬೇಕು, ಮನೆಯವರನ್ನ ಯಾವ ತಿಂಗಳು ಊರು ಸುತ್ತಿಸಬೇಕು ಅನ್ನೋದಕ್ಕೆಲ್ಲ ಇದೇ ಚಿತ್ರದಲ್ಲಿ ಉತ್ತರ ಸಿಗುತ್ತೆ.

ಕಂಬ ಅಂದ್ರೆ ಮಳೆ. ಆ ತಿಂಗಳು ಒಟ್ಟು ಎಷ್ಟು ಮಿಲಿಮೀಟರ್ ಬೀಳುತ್ತೆ ಅನ್ನೋದರ ಸರಾಸರಿ, ಸಾಮಾನ್ಯವಾಗಿ 30 ವರ್ಷದ ಲೆಕ್ಕ. ಒಂದು ಮಿ.ಮೀ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು, ಎಕರೆಗೆ ಸುಮಾರು 4,000 ಲೀಟರ್. ಗೆರೆ ಅಂದ್ರೆ ಆ ತಿಂಗಳ ಸರಾಸರಿ ಉಷ್ಣಾಂಶ. ಹಗಲು, ರಾತ್ರಿ ಎರಡೂ ಸೇರಿಸಿ ತೆಗೆದಿದ್ದು. ಕೆಲವು ವೆಬ್‌ಸೈಟ್‌ಗಳಲ್ಲಿ ಗೆರೆಯ ಬದಲು ಉಷ್ಣಾಂಶಕ್ಕೂ ಕಂಬವೇ ಇರುತ್ತೆ. ಆ ಕಂಬದ ಮೇಲ್ತುದಿ ಹಗಲಿನ ಗರಿಷ್ಠ, ಕೆಳತುದಿ ರಾತ್ರಿಯ ಕನಿಷ್ಠ. ಆ ಥರದ ಚಿತ್ರ ಸಿಕ್ಕಿದರೆ ಅದನ್ನೇ ನೋಡಿ, ಜಾಸ್ತಿ ವಿಷಯ ಸಿಗುತ್ತೆ.

ಚಿತ್ರದ ಎಡಕ್ಕೊಂದು, ಬಲಕ್ಕೊಂದು ಅಳತೆ ಇರುತ್ತೆ. ಒಂದು ಮಳೆಗೆ, ಇನ್ನೊಂದು ಉಷ್ಣಾಂಶಕ್ಕೆ. ಎಡವಟ್ಟಾಗೋದು ಹೆಚ್ಚಾಗಿ ಇಲ್ಲೇ. ಬೆಂಗಳೂರಿನ ಚಿತ್ರದಲ್ಲಿ ಸೆಪ್ಟೆಂಬರ್ ಕಂಬ ಮೇಲಿನವರೆಗೂ ಎದ್ದು ನಿಂತಿರುತ್ತೆ. ಮಂಗಳೂರಿನ ಚಿತ್ರದಲ್ಲಿ ಜುಲೈ ಕಂಬವೂ ಅಷ್ಟೇ ಎತ್ತರ ಕಾಣುತ್ತೆ. ಆದರೆ ಬೆಂಗಳೂರಿಂದು ಸುಮಾರು 210 ಮಿ.ಮೀ, ಮಂಗಳೂರಿಂದು 1,000 ಮಿ.ಮೀ ಆಸುಪಾಸು. ಚಿತ್ರ ಬಿಡಿಸುವ ಕಂಪ್ಯೂಟರ್ ಆಯಾ ಊರಿನ ದೊಡ್ಡ ಕಂಬಕ್ಕೆ ತಕ್ಕಂತೆ ಅಳತೆಯನ್ನ ಹಿಗ್ಗಿಸಿ ಕುಗ್ಗಿಸಿ ಕೂರಿಸುತ್ತೆ. ಹಾಗಾಗಿ ಎರಡು ಊರನ್ನ ಹೋಲಿಸುವಾಗ ಕಂಬದ ಎತ್ತರ ನಂಬಬೇಡಿ, ಪಕ್ಕದ ಅಂಕಿ ಓದಿ.

ಎರಡರಷ್ಟು ಲೆಕ್ಕ

ಯಾವ ತಿಂಗಳು ಒಣ, ಯಾವ ತಿಂಗಳು ಹಸಿ ಅಂತ ಹೇಳೋದು ಹೇಗೆ? 40 ಮಿ.ಮೀ ಮಳೆ ಜಾಸ್ತಿನಾ ಕಮ್ಮಿನಾ? ಅದು ಬಿಸಿಲಿನ ಮೇಲೆ ನಿಂತಿದೆ. ಡಿಸೆಂಬರ್‌ನಲ್ಲಿ ಬಿದ್ದ 40 ಮಿ.ಮೀ ನೆಲದಲ್ಲಿ ಉಳಿಯುತ್ತೆ, ಏಪ್ರಿಲ್‌ನಲ್ಲಿ ಬಿದ್ದರೆ ಬಹುಪಾಲು ಆವಿಯಾಗಿ ಹೋಗುತ್ತೆ. ಇದಕ್ಕೆ ಫ್ರಾನ್ಸಿನ ಸಸ್ಯವಿಜ್ಞಾನಿ ಗೋಸೆನ್ ಒಂದು ಸುಲಭದ ಲೆಕ್ಕ ಬಳಕೆಗೆ ತಂದರು. ತಿಂಗಳ ಸರಾಸರಿ ಉಷ್ಣಾಂಶವನ್ನ ಎರಡರಿಂದ ಗುಣಿಸಿ. ಮಳೆಯ ಮಿ.ಮೀ ಅದಕ್ಕಿಂತ ಕಮ್ಮಿ ಇದ್ದರೆ ಅದು ಒಣ ತಿಂಗಳು, ಜಾಸ್ತಿ ಇದ್ದರೆ ಹಸಿ ತಿಂಗಳು.

ನಮ್ಮ ಕಡೆಗೆ ಹತ್ತಿರದ ಹಳೆಯ ಹವಾಮಾನ ಕೇಂದ್ರ ಬೆಂಗಳೂರಿನದು. ಅದರ ಅಂಕಿಗಳನ್ನ ದುಂಡಗೆ ಮಾಡಿ ಹೇಳ್ತೀವಿ, ಒಂದು ಗ್ರಾಫ್ ಹಾಳೆ ಮೇಲೆ ನೀವೇ ಬರೆದು ನೋಡಬಹುದು. ಜನವರಿ, ಫೆಬ್ರವರಿಯಲ್ಲಿ ಮಳೆ ಇಲ್ಲವೇ ಇಲ್ಲ ಅನ್ನಬಹುದು. ಮಾರ್ಚ್ 20, ಏಪ್ರಿಲ್ 40, ಮೇ ಮತ್ತು ಜೂನ್ ತಲಾ 105, ಜುಲೈ 110, ಆಗಸ್ಟ್ 145, ಸೆಪ್ಟೆಂಬರ್ 210, ಅಕ್ಟೋಬರ್ 165, ನವೆಂಬರ್ 50, ಡಿಸೆಂಬರ್ 15. ಉಷ್ಣಾಂಶದ ಗೆರೆ ಡಿಸೆಂಬರ್, ಜನವರಿಯಲ್ಲಿ 21-22 ಡಿಗ್ರಿಯಲ್ಲಿದ್ದು ಏಪ್ರಿಲ್‌ಗೆ 28ಕ್ಕೆ ಏರುತ್ತೆ. ಮೇನಲ್ಲಿ ಸ್ವಲ್ಪ ಇಳಿದು, ಜುಲೈಯಿಂದ ಅಕ್ಟೋಬರ್‌ವರೆಗೆ 24ರ ಹತ್ತಿರ ನಿಲ್ಲುತ್ತೆ.

ಈಗ ಏಪ್ರಿಲ್ ತಗೊಳ್ಳಿ. 28ರ ಎರಡರಷ್ಟು 56, ಮಳೆ 40. ಅಂದರೆ ಒಂದೆರಡು ಜೋರು ಮಳೆ ಬಂದು ವಾಸನೆ ಎದ್ದರೂ ಲೆಕ್ಕದಲ್ಲಿ ಏಪ್ರಿಲ್ ಒಣ ತಿಂಗಳೇ. ಮೇಗೆ ಬನ್ನಿ. ಎರಡರಷ್ಟು 55, ಮಳೆ 105, ಹಸಿ. ನವೆಂಬರ್‌ನಲ್ಲಿ ಎರಡರಷ್ಟು 45, ಮಳೆ 50. ಕೂದಲೆಳೆಯಲ್ಲಿ ಹಸಿ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಐದು ತಿಂಗಳು ಒಣ, ಮೇಯಿಂದ ನವೆಂಬರ್‌ವರೆಗೆ ಏಳು ತಿಂಗಳು ಹಸಿ. ಕೆಲವು ಚಿತ್ರಗಳಲ್ಲಿ 10 ಡಿಗ್ರಿಯ ಎದುರಿಗೆ 20 ಮಿ.ಮೀ ಬರೋ ಹಾಗೆ ಅಳತೆ ಕೂರಿಸಿರ್ತಾರೆ. ಅಲ್ಲಿ ಗುಣಾಕಾರವೂ ಬೇಡ, ಕಂಬ ಗೆರೆಗಿಂತ ಕೆಳಗಿದ್ದರೆ ಒಣ ಅಂತ ಕಣ್ಣಿಗೇ ಗೊತ್ತಾಗುತ್ತೆ. ಬೇರೆ ಅಳತೆ ಇರೋ ಚಿತ್ರದಲ್ಲಿ ಹಾಗೆ ನೋಡೋಕೆ ಹೋದರೆ ತಪ್ಪು ಉತ್ತರ ಬರುತ್ತೆ.

ರಾಗಿ ಹೊಲಕ್ಕೆ ಇಟ್ಟು ನೋಡೋಣ

ಮುಂಗಾರು ಅಂದ್ರೆ ಜೂನ್ ಅಂತ ಟಿವಿಯಲ್ಲಿ ಹೇಳ್ತಾರೆ. ಆದರೆ ನಮ್ಮ ಕಂಬಗಳು ಬೇರೆ ಕಥೆ ಹೇಳ್ತವೆ. ಮೇನಲ್ಲಿ ಕಂಬ ಒಮ್ಮೆಗೇ ಏಳುತ್ತೆ, ಜೂನ್, ಜುಲೈನಲ್ಲಿ ಅಲ್ಲೇ ನಿಂತುಬಿಡುತ್ತೆ, ಆಗಸ್ಟ್‌ನಲ್ಲಿ ಮತ್ತೆ ಏರಿ ಸೆಪ್ಟೆಂಬರ್‌ನಲ್ಲಿ ತುದಿ ಮುಟ್ಟುತ್ತೆ. ಮುಂಗಾರಿನ ಗಾಳಿ ಪಶ್ಚಿಮ ಘಟ್ಟದ ಆ ಕಡೆಯೇ ನೀರು ಸುರಿದು ಈ ಕಡೆಗೆ ಒಣಗಿಕೊಂಡು ಬರೋದರಿಂದ ಜೂನ್, ಜುಲೈ ನಮಗೆ ಮೋಡ, ಗಾಳಿ, ಜಿಟಿಜಿಟಿಯ ತಿಂಗಳುಗಳು. ದೊಡ್ಡ ಮಳೆ ಗುಡುಗಿನ ಜೊತೆ ಬರೋದು ಮೇನಲ್ಲಿ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಿರಿಯರು ಹುಬ್ಬೆ, ಉತ್ತರೆ ಮಳೆ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳೋದು ಸುಮ್ನೆ ಅಲ್ಲ. ಆ ಎರಡೂ ಮಳೆ ಹೆಚ್ಚುಕಮ್ಮಿ ಈ ಸೆಪ್ಟೆಂಬರ್ ಕಂಬದೊಳಗೇ ಇವೆ.

ಜಿಕೆವಿಕೆಯ ಜಿಪಿಯು-28 ರಾಗಿ ತಗೊಳ್ಳಿ, 110ರಿಂದ 115 ದಿನದ ತಳಿ. ಜೂನ್ 1ಕ್ಕೆ ಬಿತ್ತಿದರೆ ತೆನೆ ಮಾಗೋದು ಸೆಪ್ಟೆಂಬರ್ 20ರ ಸುಮಾರಿಗೆ, ಸರಿಯಾಗಿ ಎತ್ತರದ ಕಂಬದ ಕೆಳಗೆ. ತೆನೆ ನೆನೆದು ಕಪ್ಪಾಗುತ್ತೆ, ಮೊಳಕೆ ಒಡೆಯುತ್ತೆ. ಜುಲೈ 15ಕ್ಕೆ ಬಿತ್ತಿದರೆ? ಹೂ, ತೆನೆ ಬರೋ ಹೊತ್ತು ಸೆಪ್ಟೆಂಬರ್ ಕೊನೆ, ಕಾಳು ಕಟ್ಟೋದು ಅಕ್ಟೋಬರ್, ಕೊಯ್ಲು ನವೆಂಬರ್ ಮೊದಲ ವಾರ. ನೀರು ತಪ್ಪಿದರೆ ಹೆಚ್ಚು ನಷ್ಟವಾಗೋ ಹಂತಕ್ಕೆ ದೊಡ್ಡ ಎರಡು ಕಂಬ ಸಿಕ್ಕವು, ಕೊಯ್ಲಿಗೆ ಕಂಬ 50ಕ್ಕೆ ಇಳೀತು. ಮೇ ಮಳೆಯನ್ನ ಉಳುಮೆಗೆ ಬಳಸಿಕೊಂಡು ಬಿತ್ತನೆಗೆ ಜುಲೈ ಕಾಯೋ ನಮ್ಮ ಕಡೆಯ ಪದ್ಧತಿ ಈ ಚಿತ್ರಕ್ಕೆ ಅಳತೆ ಮಾಡಿ ಹೊಲಿದ ಹಾಗಿದೆ.

ಮಳೆ ಕೈಕೊಟ್ಟು ಬಿತ್ತನೆ ಆಗಸ್ಟ್ 20ಕ್ಕೆ ಹೋಯ್ತು ಅಂದುಕೊಳ್ಳಿ. ಅದೇ ತಳಿ ಹಾಕಿದರೆ ತೆನೆ ಬರೋದು ಅಕ್ಟೋಬರ್ ಕೊನೆ, ನವೆಂಬರ್ ಶುರುವಿಗೆ. ಕಂಬ 165ರಿಂದ 50ಕ್ಕೆ ಬೀಳೋದು ಅಲ್ಲೇ. ಕಾಳು ಜೊಳ್ಳಾಗುತ್ತೆ. ತಡವಾದಾಗ ಜಿಪಿಯು-48 ಥರದ ನೂರು ದಿನದ ಒಳಗಿನ ತಳಿ ಹಾಕಿ ಅನ್ನೋ ಸಲಹೆಯ ಹಿಂದಿರೋದು ಇದೇ ಲೆಕ್ಕ.

ನವೆಂಬರ್‌ನ ಆ 50 ಮಿ.ಮೀ ಮಾತ್ರ ಸಣ್ಣದು ಅಂತ ಬಿಡಬೇಡಿ. ಅದು ತಿಂಗಳು ಪೂರ್ತಿ ಹರಡಿ ಬೀಳಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ಎರಡು ಮೂರು ದಿನದಲ್ಲೇ ಬಂದುಹೋಗುತ್ತೆ, ಕೊಯ್ದು ಹಾಕಿದ ರಾಗಿ ಹೊಲದಲ್ಲಿ ಬಿದ್ದಿರುವಾಗಲೇ. ಟಾರ್ಪಾಲ್ ಮಾರೋ ಅಂಗಡಿಯವರು ಜೂನ್‌ನಷ್ಟೇ ಅಕ್ಟೋಬರ್ ಕೊನೆಗೂ ಸರಕು ಇಟ್ಟುಕೊಳ್ಳೋದು ಇದಕ್ಕೇ.

ಸರಾಸರಿ ಮುಚ್ಚಿಡೋ ಸಂಗತಿ

ಬೆಂಗಳೂರಿನ ಅಕ್ಟೋಬರ್ ಕಂಬ 165 ಅಂದೆವಲ್ಲ, 2005ರ ಅಕ್ಟೋಬರ್ ಒಂದರಲ್ಲೇ 600 ಮಿ.ಮೀ ದಾಟಿತ್ತು. ಕಂಬ ತೋರಿಸೋದು ಮೂವತ್ತು ವರ್ಷದ ನಡುಮಟ್ಟ, ಈ ವರ್ಷದ ಮಳೆಯನ್ನಲ್ಲ. ಬೀಜ, ತಳಿ, ಬಿತ್ತನೆಯ ವಾರ ಆರಿಸೋಕೆ ಚಿತ್ರ ಸಾಕು. ನಾಳೆ ಗೊಬ್ಬರ ಹಾಕಲೋ ಬೇಡವೋ ಅನ್ನೋದಕ್ಕೆ ಹವಾಮಾನ ಮುನ್ಸೂಚನೆಯೇ ಬೇಕು.

ಮಳೆ ಎಷ್ಟು ದಿನ ಬಂತು ಅನ್ನೋದನ್ನೂ ಕಂಬ ಹೇಳಲ್ಲ. ಹವಾಮಾನ ಇಲಾಖೆ 2.5 ಮಿ.ಮೀ ಅಥವಾ ಹೆಚ್ಚು ಬಿದ್ದ ದಿನವನ್ನಷ್ಟೇ ಮಳೆ ದಿನ ಅಂತ ಎಣಿಸುತ್ತೆ. ಬೆಂಗಳೂರಲ್ಲಿ ಆಗಸ್ಟ್‌ಗೂ ಸೆಪ್ಟೆಂಬರ್‌ಗೂ ಇಂಥ ದಿನ ಹತ್ತಿರ ಹತ್ತಿರ ಹತ್ತೇ. ಹಾಗಾದರೆ ಆಗಸ್ಟ್‌ನಲ್ಲಿ ದಿನಕ್ಕೆ ಸರಾಸರಿ 14-15 ಮಿ.ಮೀ, ಸೆಪ್ಟೆಂಬರ್‌ನಲ್ಲಿ 21. ಚರಂಡಿ ಉಕ್ಕಿ ಅಂಗಡಿ ಮೆಟ್ಟಿಲಿಗೆ ನೀರು ಬರೋದು ಎರಡನೆಯದರಲ್ಲಿ.

ಇನ್ನೊಂದು ಮಾತು. ಇದು ಬೆಂಗಳೂರು ಕೇಂದ್ರದ ಚಿತ್ರ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಮಳೆ ಇದಕ್ಕಿಂತ ಕಮ್ಮಿ. ಏರಿಳಿತದ ಆಕಾರ ಹೆಚ್ಚುಕಮ್ಮಿ ಒಂದೇ, ಕಂಬ ಮಾತ್ರ ಗಿಡ್ಡ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹೋಬಳಿ ಮಟ್ಟದಲ್ಲೂ ಇವೆ. ನಿಮ್ಮ ಹೋಬಳಿಯ ಅಂಕಿ ಸಿಕ್ಕರೆ ಅದನ್ನೇ ಕಂಬ ಮಾಡಿ ನೋಡಿ.

ಪ್ರವಾಸಕ್ಕೆ ಯಾವ ತಿಂಗಳು?

ಮಳೆ ಕಂಬ ಗಿಡ್ಡ, ಗೆರೆ 20ರಿಂದ 27ರ ಒಳಗೆ. ಇಂಥ ತಿಂಗಳು ಸುತ್ತಾಟಕ್ಕೆ ಸಾಮಾನ್ಯವಾಗಿ ಸುಖ. ಆದರೆ ಗೆರೆಯೊಂದನ್ನೇ ನಂಬಿದರೆ ಎರಡು ಕಡೆ ಮೋಸ ಹೋಗ್ತೀರಿ.

ಒಂದು, ಸೆಕೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ಗೆರೆ 28, ಮಂಗಳೂರಿಂದು 29ರ ಹತ್ತಿರ. ಒಂದೇ ಡಿಗ್ರಿ ವ್ಯತ್ಯಾಸ ಅಂತ ಹೊರಟರೆ ಅಲ್ಲಿ ಬೆವರು ಆರೋದೇ ಇಲ್ಲ. ಗಾಳಿಯ ತೇವ ಈ ಚಿತ್ರದಲ್ಲಿ ಇರಲ್ಲ, ಸಮುದ್ರದ ಊರಿಗೆ ಅದನ್ನ ನೀವೇ ಸೇರಿಸಿಕೊಳ್ಳಬೇಕು. ಕರಾವಳಿಗೆ ಡಿಸೆಂಬರ್‌ನಿಂದ ಫೆಬ್ರವರಿ ವಾಸಿ. ಆಗ ಅಲ್ಲಿ ಮಳೆ ಕಂಬವೂ ಇಲ್ಲ, ಸೆಕೆಯೂ ಕಮ್ಮಿ.

ಎರಡು, ಹಗಲು ರಾತ್ರಿಯ ಅಂತರ. ಕಾಶಿಯ ಜನವರಿ ಗೆರೆ 16ರ ಹತ್ತಿರ ಕಾಣುತ್ತೆ, ಪರವಾಗಿಲ್ಲ ಅನ್ಸುತ್ತೆ. ನಿಜದಲ್ಲಿ ಹಗಲು 22, ಬೆಳಗಿನ ಜಾವ 9ರ ಆಸುಪಾಸು. ವಯಸ್ಸಾದವರನ್ನ ಗಂಗಾಸ್ನಾನಕ್ಕೆ ಕರೆದೊಯ್ಯೋರು ನೋಡಬೇಕಾದ್ದು ಆ 9ನ್ನ. ಮೇನಲ್ಲಿ ಅದೇ ಊರು ಹಗಲು 40 ದಾಟುತ್ತೆ, ಜುಲೈ, ಆಗಸ್ಟ್ ಮಳೆ ಕಂಬಗಳು ನಮ್ಮ ಸೆಪ್ಟೆಂಬರ್‌ಗಿಂತ ಎತ್ತರ, ಗಂಗೆ ಉಕ್ಕಿ ಘಾಟ್‌ನ ಮೆಟ್ಟಿಲು ಮುಳುಗಿರುತ್ತೆ. ಚಿತ್ರದಲ್ಲಿ ಉಳಿಯೋದು ನವೆಂಬರ್ ಮತ್ತು ಫೆಬ್ರವರಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ಉತ್ತರದ ರೈಲುಗಳು ದಟ್ಟ ಮಂಜಿಗೆ ಗಂಟೆಗಟ್ಟಲೆ ತಡವಾಗ್ತವೆ, ಅದು ಯಾವ ಕಂಬದಲ್ಲೂ ಬರಲ್ಲ. ಟಿಕೆಟ್ ಬುಕ್ ಮಾಡುವಾಗ ಬದಲಿ ರೈಲು ಹಿಡಿಯೋರು ನಡುವೆ ಒಂದು ದಿನ ಬಿಟ್ಟುಕೊಳ್ಳಿ.