ಕಥೆಯನ್ನು ನಡೆಸುವ ಹಾಡು: ‘ಮೊಘಲ್-ಎ-ಆಜಮ್’ನ ಕನ್ನಡಿ ಮಹಲು

ಚಿತ್ರಮಂದಿರದಲ್ಲಿ ಹಾಡು ಆರಂಭವಾದೊಡನೆ ಎದ್ದು ಹೊರಗೆ ಹೋಗುವವರನ್ನು ನಾವೆಲ್ಲರೂ ಕಂಡಿದ್ದೇವೆ. ಅದು ಪ್ರೇಕ್ಷಕನ ಅರಸಿಕತನವಲ್ಲ. ಹಾಡು ಮುಗಿದಾಗಲೂ ಕಥೆ ಮೊದಲು ನಿಂತಿದ್ದಲ್ಲಿಯೇ ನಿಂತಿರುತ್ತದೆಂಬುದು ಅವನಿಗೆ ಅನುಭವದಿಂದ ತಿಳಿದಿರುತ್ತದೆ. ಹಾಗಾಗದಂತೆ ಚಿತ್ರಕಥೆಯಲ್ಲಿ ಹಾಡಿನ ಸಂದರ್ಭವನ್ನು ಹೆಣೆಯುವುದು ಹೇಗೆಂಬುದಕ್ಕೆ 1960ರಲ್ಲಿ ತೆರೆಕಂಡ ಕೆ. ಆಸಿಫರ ‘ಮೊಘಲ್-ಎ-ಆಜಮ್’ ಹಿಂದಿ ಚಿತ್ರರಂಗದ ಇತಿಹಾಸದಲ್ಲಿ ಒಂದು ಒಳ್ಳೆಯ ನಿದರ್ಶನ.

ಹಾಡಿಗೆ ಮುಂಚಿನ ಪರಿಸ್ಥಿತಿಯನ್ನು ಗಮನಿಸಿರಿ. ತಾನು ಸಲೀಮನನ್ನು ಪ್ರೀತಿಸಲೇ ಇಲ್ಲವೆಂದು ಅವನನ್ನು ನಂಬಿಸಬೇಕೆಂಬ ಷರತ್ತಿನ ಮೇಲೆ ಅನಾರ್ಕಲಿಗೆ ಸೆರೆಯಿಂದ ಬಿಡುಗಡೆ ದೊರೆತಿದೆ. ಸಲೀಮನು ಅವಳನ್ನು ಹೇಡಿಯೆಂದು ಜರೆದಿದ್ದಾನೆ. ಚಕ್ರವರ್ತಿ ಅಕ್ಬರನು ತಾನು ಗೆದ್ದೆನೆಂದು ತಿಳಿದಿದ್ದಾನೆ. ಹೀಗೆ ಮೂವರ ಮನಸ್ಸಿನಲ್ಲೂ ಒಂದೊಂದು ನಂಬಿಕೆ ಇದೆ. ಹಾಡು ಈ ಮೂರನ್ನೂ ಕದಲಿಸಬೇಕು.

ಇದನ್ನು ಮಾತಿನಲ್ಲಿ ಏಕೆ ಬರೆಯಲಿಲ್ಲ? ತುಂಬಿದ ಸಭೆಯಲ್ಲಿ ಚಕ್ರವರ್ತಿಗೆ ಎದುರಾಡುವ ಅಧಿಕಾರ ನರ್ತಕಿಗಿಲ್ಲ. ಆದರೆ ಹಾಡುವುದು ಅವಳ ಕರ್ತವ್ಯ. ಆಡಲಾಗದ ಮಾತಿಗೆ ಹಾಡೊಂದೇ ದಾರಿಯಾದಾಗ ಅದು ಕಥೆಗೆ ಅನಿವಾರ್ಯವಾಗುತ್ತದೆ. ಶಕೀಲ್ ಬದಾಯೂನಿಯವರ ಸಾಹಿತ್ಯದಲ್ಲಿ ಅವಳು ತನ್ನ ಪ್ರೀತಿಯನ್ನು ಎಲ್ಲರೆದುರು ಸಾರುತ್ತಾಳೆ.

ಇಲ್ಲೊಂದು ತೊಡಕಿದೆ. ಪಲ್ಲವಿಯ ಸ್ವಭಾವವೇ ಮರಳಿ ಬರುವುದು. ಕಥೆಯ ಸ್ವಭಾವ ಮುಂದೆ ಹೋಗುವುದು. ಆದುದರಿಂದ ಲೇಖಕನು ಹಾಡುವವಳನ್ನಷ್ಟೇ ಬರೆದರೆ ಸಾಲದು. ಕೇಳುವವರ ಮುಖದಲ್ಲಾಗುವ ಬದಲಾವಣೆಯನ್ನೂ ಚರಣ ಚರಣಕ್ಕೆ ಬರೆದಿಡಬೇಕು. ಇಲ್ಲಿ ಪಲ್ಲವಿ ಮರಳುವಾಗಲೆಲ್ಲ ಸಲೀಮನ ತಿರಸ್ಕಾರ ಕರಗುತ್ತದೆ, ಅಕ್ಬರನ ಕೋಪ ಏರುತ್ತದೆ. ಕೊನೆಗೆ ಛಾವಣಿಯ ಕನ್ನಡಿಗಳಲ್ಲೆಲ್ಲ ಅವಳ ಬಿಂಬವೇ ಕಾಣಿಸಿ, ಚಕ್ರವರ್ತಿಗೆ ಯಾವ ಕಡೆ ನೋಡಿದರೂ ಅವಳಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ಬಹುಪಾಲು ಕಪ್ಪು-ಬಿಳುಪಿನಲ್ಲಿದ್ದ ಚಿತ್ರದಲ್ಲಿ ಈ ಭಾಗವನ್ನು ವರ್ಣದಲ್ಲಿ ತೆಗೆದರು. ಆ ಕನ್ನಡಿ ಮಹಲಿನ ವೈಭವ ಬರಿಯ ಅಲಂಕಾರವಲ್ಲ. ಅವಳ ಧಿಕ್ಕಾರವನ್ನು ಕಣ್ಣಿಗೆ ಕಾಣಿಸುವ ಸಾಧನ.

ಹಾಡು ಮುಗಿದೊಡನೆ ಅವಳಿಗೆ ಮತ್ತೆ ಸೆರೆ. ಮುಂದೆ ಸಲೀಮನ ದಂಗೆ, ತಂದೆ ಮಗನ ಯುದ್ಧ. ಲೇಖಕನು ಅನುಸರಿಸಬಹುದಾದ ಪರೀಕ್ಷೆಯೂ ಇದೇ. ಹಾಡನ್ನು ತೆಗೆದುಹಾಕಿ ಅದರ ಮುಂದಿನ ದೃಶ್ಯವನ್ನು ಓದಬೇಕು. ಅರ್ಥ ಕೆಡದಿದ್ದರೆ ಆ ಹಾಡು ಕಥೆಗೆ ಬಿಡುವು ಮಾತ್ರ. ಈ ಚಿತ್ರದಲ್ಲಾದರೋ, ಹಾಡನ್ನು ತೆಗೆದರೆ ಅನಾರ್ಕಲಿ ಮತ್ತೆ ಸೆರೆ ಸೇರಿದ್ದೇಕೆಂಬುದೂ ಅವಳನ್ನು ಜರೆದಿದ್ದ ಸಲೀಮನೇ ಅವಳಿಗಾಗಿ ತಂದೆಯ ಮೇಲೆ ಕತ್ತಿ ಹಿರಿದದ್ದೇಕೆಂಬುದೂ ತಿಳಿಯುವುದಿಲ್ಲ.